ಷೇರು ಮಾರುವುದೋ, ಅಡ ಇಡುವುದೋ?

ಪುಣೆಯಲ್ಲಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿರುವ ನನಗೆ ಊರಿನ ಗೆಳೆಯರಿಂದ ಹೆಚ್ಚಾಗಿ ಬರುವುದು ದುಡ್ಡಿನ ಪ್ರಶ್ನೆಯೇ. ಇತ್ತೀಚೆಗೆ ಮುಂಬೈಗೆ ವರ್ಗವಾದ ಗದಗಿನ ಗೆಳೆಯನಿಗೆ ಮನೆಯ ಡಿಪಾಸಿಟ್, ದಲ್ಲಾಳಿ ಕಮಿಷನ್ ಎಲ್ಲ ಸೇರಿ ತುರ್ತಾಗಿ 3 ಲಕ್ಷ ರೂಪಾಯಿ ಬೇಕಾಗಿತ್ತು. ಮೂರು ತಿಂಗಳಲ್ಲಿ ಬೋನಸ್ ಬರುವುದು ಖಾತ್ರಿ. ಡಿಮ್ಯಾಟ್ ಖಾತೆಯಲ್ಲಿ 7 ಲಕ್ಷದ ಷೇರುಗಳಿದ್ದವು, ಜೊತೆಗೆ ಹಳೆಯದೊಂದು ಎಲ್‌ಐಸಿ ಪಾಲಿಸಿ. "ಷೇರು ಮಾರಿಬಿಡ್ಲೋ, ಅಡ ಇಡ್ಲೋ?" ಎಂದು ಕೇಳಿದ. ಷೇರು ಕೊಂಡು ಎಷ್ಟು ದಿನವಾಯಿತು ಎಂದು ನಾನು ಮೊದಲು ವಿಚಾರಿಸಿದೆ. ಉತ್ತರ ಅಡಗಿರುವುದು ಅಲ್ಲೇ.

ಮೊದಲು ಸಾಲದ ಖರ್ಚು ನೋಡೋಣ. ಷೇರಿನ ಮೇಲಿನ ಸಾಲ ಸಾಮಾನ್ಯವಾಗಿ ಓವರ್‌ಡ್ರಾಫ್ಟ್ ರೂಪದಲ್ಲಿರುತ್ತದೆ. ತೆಗೆದಷ್ಟು ಹಣಕ್ಕೆ, ಇಟ್ಟುಕೊಂಡಷ್ಟು ದಿನಕ್ಕೆ ಮಾತ್ರ ಬಡ್ಡಿ. ವರ್ಷಕ್ಕೆ ಶೇ 10.5ರ ದರ ಹಿಡಿದರೆ 3 ಲಕ್ಷಕ್ಕೆ 90 ದಿನಗಳ ಬಡ್ಡಿ ಸುಮಾರು 7,770 ರೂಪಾಯಿ. ಪ್ರೊಸೆಸಿಂಗ್ ಶುಲ್ಕ, ಅದರ ಜಿಎಸ್‌ಟಿ, ಅಡ ಇಡುವ ಮತ್ತು ಬಿಡಿಸುವ ಶುಲ್ಕ ಸೇರಿದರೆ 10 ಸಾವಿರದ ಹತ್ತಿರ ಬರುತ್ತದೆ. ಅಡ ಇಟ್ಟರೂ ಷೇರು ನಿಮ್ಮ ಹೆಸರಿನಲ್ಲೇ ಇರುತ್ತದೆ, ಡಿವಿಡೆಂಡ್ ನಿಮಗೇ ಬರುತ್ತದೆ. ತೆರಿಗೆಯ ಲೆಕ್ಕದಲ್ಲಿ ಅದು ಮಾರಾಟವಲ್ಲ.

ಇನ್ನು ಮಾರಾಟ. 1.8 ಲಕ್ಷಕ್ಕೆ ಕೊಂಡ ಷೇರು ಈಗ 3 ಲಕ್ಷವಾಗಿದೆ ಎನ್ನೋಣ; ಲಾಭ 1.2 ಲಕ್ಷ. ಕೊಂಡು ಒಂದು ವರ್ಷ ದಾಟಿದ್ದರೆ ಇದು ದೀರ್ಘಾವಧಿ ಲಾಭ. ಅಂಥ ಲಾಭಕ್ಕೆ ಆರ್ಥಿಕ ವರ್ಷವೊಂದರಲ್ಲಿ 1.25 ಲಕ್ಷದವರೆಗೆ ತೆರಿಗೆಯಿಲ್ಲ, ಅದರ ಮೇಲಿನದಕ್ಕೆ ಶೇ 12.5. ಆ ವರ್ಷ ಬೇರೇನೂ ಮಾರಿರದಿದ್ದರೆ ತೆರಿಗೆ ಸೊನ್ನೆ. ಈಗ ಮಾರಿ, ಮೂರು ತಿಂಗಳ ನಂತರ ಅವೇ ಷೇರುಗಳನ್ನು ಕೊಂಡರೂ ವಹಿವಾಟು ತೆರಿಗೆ, ಸ್ಟ್ಯಾಂಪ್ ಶುಲ್ಕ ಇತ್ಯಾದಿ ಸೇರಿ ಸುಮಾರು ಸಾವಿರ ರೂಪಾಯಿ. ಅಂದರೆ ಸಾಲಕ್ಕಿಂತ ಮಾರಾಟ 9 ಸಾವಿರದಷ್ಟು ಅಗ್ಗ. ಈ 9 ಸಾವಿರ 3 ಲಕ್ಷದ ಶೇ 3. ಮೂರು ತಿಂಗಳಲ್ಲಿ ಬೆಲೆ ಶೇ 3ಕ್ಕಿಂತ ಹೆಚ್ಚು ಏರಿದರೆ ಮಾತ್ರ ಸಾಲ ಮಾಡಿದವನು ಗೆದ್ದಂತೆ.

ಅದೇ ಷೇರು ಕೊಂಡು ಹತ್ತು ತಿಂಗಳಾಗಿದ್ದರೆ? ಆಗ ಲಾಭ ಅಲ್ಪಾವಧಿಯದು, ತೆರಿಗೆ ಶೇ 20. ಸೆಸ್ ಸೇರಿ ಸುಮಾರು 25 ಸಾವಿರ ಕಟ್ಟಬೇಕು. ಹತ್ತು ಸಾವಿರ ಖರ್ಚಿನ ಸಾಲ ಇಲ್ಲಿ ಸಲೀಸಾಗಿ ಗೆಲ್ಲುತ್ತದೆ, ಸಾಲ ತೀರಿಸುವಷ್ಟರಲ್ಲಿ ಷೇರಿಗೆ ವರ್ಷವೂ ತುಂಬಿರುತ್ತದೆ. ಗೆಳೆಯನದು ಹೀಗೇ ಇತ್ತು. ಹಾಗಾಗಿ ಅಡ ಇಡುವುದೇ ಸರಿ ಎಂದೆ, ಆದರೆ ಪೂರ್ತಿ 3 ಲಕ್ಷ ಬೇಡ ಎಂದೆ.

ಕಾರಣ ಇದು: ಸಾಲ ಸಿಗುವುದು ಸಾಮಾನ್ಯವಾಗಿ ಷೇರಿನ ಮೌಲ್ಯದ ಅರ್ಧದಷ್ಟು, ಅದೂ ಸಾಲ ಕೊಡುವವರ ಪಟ್ಟಿಯಲ್ಲಿರುವ ಷೇರುಗಳಿಗೆ. 7 ಲಕ್ಷಕ್ಕೆ ಮಿತಿ 3.5 ಲಕ್ಷ. ಪೇಟೆ ಶೇ 20 ಕುಸಿದರೆ ಷೇರು 5.6 ಲಕ್ಷಕ್ಕಿಳಿದು ಮಿತಿ 2.8 ಲಕ್ಷವಾಗುತ್ತದೆ. ಮೂರು ಲಕ್ಷ ತೆಗೆದವನಿಗೆ 20 ಸಾವಿರ ಕಟ್ಟಿ ಎಂಬ ಸಂದೇಶ ಬರುತ್ತದೆ, ಗಡುವು ಕೆಲವೇ ದಿನ. ಕಟ್ಟದಿದ್ದರೆ ಅವರೇ ಷೇರು ಮಾರುತ್ತಾರೆ. ಬಿದ್ದ ಬೆಲೆಯ ನಷ್ಟವೂ ನಿಮ್ಮದೇ, ಲಾಭ ಉಳಿದಿದ್ದರೆ ತೆರಿಗೆಯೂ ನಿಮ್ಮದೇ. ಅದಕ್ಕೇ ಗೆಳೆಯ ಉಳಿತಾಯದಿಂದ 90 ಸಾವಿರ ಹೊಂದಿಸಿ 2.1 ಲಕ್ಷ ಮಾತ್ರ ಸಾಲ ತೆಗೆದ. ಈಗ ಪೇಟೆ ಶೇ 40 ಕುಸಿಯುವವರೆಗೂ ಅವನಿಗೆ ಚಿಂತೆಯಿಲ್ಲ.

ಎಲ್‌ಐಸಿ ಪಾಲಿಸಿಯನ್ನು ಏಕೆ ಮುಟ್ಟಲಿಲ್ಲ? ಅದರಲ್ಲಿ ಪೇಟೆಯ ಭಯವಿಲ್ಲ. ಚಾಲ್ತಿಯಲ್ಲಿರುವ ಪಾಲಿಸಿಗೆ ಸರೆಂಡರ್ ಮೌಲ್ಯದ ಶೇ 90ರವರೆಗೆ ಸಾಲ ಸಿಗುತ್ತದೆ. ಟರ್ಮ್ ಪಾಲಿಸಿಗೆ ಸಿಗುವುದಿಲ್ಲ. ಆದರೆ ಕನಿಷ್ಠ ಆರು ತಿಂಗಳ ಬಡ್ಡಿ ಕಟ್ಟಲೇಬೇಕು. ಶೇ 9.5ರಂತೆ 3 ಲಕ್ಷಕ್ಕೆ ಅದು 14,250 ರೂಪಾಯಿ, ಮೂರೇ ತಿಂಗಳಲ್ಲಿ ತೀರಿಸಿದರೂ ಅಷ್ಟೇ. ಒಂದು ವರ್ಷದ ಅಗತ್ಯವಾಗಿದ್ದರೆ ನಾನು ಪಾಲಿಸಿಯನ್ನೇ ಸೂಚಿಸುತ್ತಿದ್ದೆ. ಪಾಲಿಸಿಯನ್ನು ಸರೆಂಡರ್ ಮಾಡುವುದಂತೂ, ಅದರಲ್ಲೂ ಮೊದಲ ವರ್ಷಗಳಲ್ಲಿ, ಕಟ್ಟಿದ ಕಂತಿನಲ್ಲಿ ದೊಡ್ಡ ಪಾಲು ಕಳೆದುಕೊಂಡಂತೆ. ವಿಮೆಯೂ ಅಲ್ಲಿಗೇ ಮುಗಿಯುತ್ತದೆ.

ನಮ್ಮಂಥ ಹೊರನಾಡಿನವರಿಗೆ ಇನ್ನೊಂದು ತೊಡಕಿದೆ. ಸಾಲಕ್ಕೆ ಮೂಲ ಬಾಂಡ್ ಒಪ್ಪಿಸಬೇಕು, ಅದು ಹೆಚ್ಚಾಗಿ ಊರಿನ ಮನೆಯ ಟ್ರಂಕಿನಲ್ಲಿರುತ್ತದೆ. ಪಾಲಿಸಿ ಇರುವುದು ಅಲ್ಲಿನ ಶಾಖೆಯಲ್ಲಿ. ಮುಂದಿನ ಸಲ ಊರಿಗೆ ಹೋದಾಗ ಬಾಂಡ್ ತಂದಿಟ್ಟುಕೊಳ್ಳಿ. ಈಗಿರುವ ಊರಿನ ಶಾಖೆಗೆ ಪಾಲಿಸಿ ವರ್ಗಾಯಿಸಲು ಅರ್ಜಿ ಕೊಡಿ, ಬ್ಯಾಂಕ್ ಖಾತೆಯ ವಿವರವನ್ನೂ ನೋಂದಾಯಿಸಿ. ಆಗ ದುಡ್ಡು ಬೇಕಾದ ವಾರದಲ್ಲಿ ರಾತ್ರಿ ಬಸ್ಸು ಹಿಡಿಯುವ ಪ್ರಮೇಯ ಬರುವುದಿಲ್ಲ.