ಇದೆ, ಬೇಕು, ತರಬೇಕು

ತಿಂಗಳ ಸಾಮಾನು ತಂದು ಡಬ್ಬಿ ತುಂಬಿಸಲು ಹೋದಾಗಲೇ ಹಿಂದೆ ಅಡಗಿದ್ದ ರವೆ ಪೊಟ್ಟಣ ಕೈಗೆ ಸಿಗುತ್ತದೆ. ಈಗ ತಂದದ್ದು ಎರಡನೆಯದು. ಚೀಟಿಯಲ್ಲಿ ಬರೀ ‘ರವೆ’ ಎಂದು ಬರೆದಿದ್ದರೆ ಹೀಗಾಗುವುದು ಸಹಜ. ಬೇಕಾದದ್ದನ್ನು ಬರೆಯುವ ನಾವು, ಇರುವುದನ್ನು ಬರೆಯುವುದಿಲ್ಲ.

ಚೀಟಿಗೆ ಮೂರು ಸಾಲು ಎಳೆಯಿರಿ: ಇದೆ, ಬೇಕು, ತರಬೇಕು. ಮೊದಲು ತುಂಬಬೇಕಾದದ್ದು ‘ಇದೆ’. ಅದನ್ನು ನೆನಪಿನಿಂದ ಬರೆಯದೆ ಅಡುಗೆಮನೆಯಲ್ಲಿ ನಿಂತೇ ಬರೆಯಬೇಕು. ಒಂದೇ ಬೇಳೆ ಡಬ್ಬಿಯಲ್ಲಿ ಸ್ವಲ್ಪ, ಮೇಲಿನ ಶೆಲ್ಫಿನಲ್ಲಿ ಒಡೆಯದ ಪೊಟ್ಟಣ, ಫ್ರಿಜ್ಜಿನಲ್ಲಿ ರಬ್ಬರ್‌ಬ್ಯಾಂಡ್ ಹಾಕಿದ ಉಳಿಕೆ ಎಂದು ಮೂರು ಕಡೆ ಇರಬಹುದು. ಮೂರನ್ನೂ ಕೂಡಿಸಿ ಒಂದೇ ಅಂಕಿ ಬರೆಯಿರಿ.

‘ಬೇಕು’ ಎಂಬುದಕ್ಕೆ ದಿನದ ಅಳತೆಯೇ ಆಧಾರ. ನಾಲ್ವರ ಒಂದು ಮನೆಯಲ್ಲಿ ಸಾರು, ಹುಳಿಗೆ ದಿನಕ್ಕೆ 100 ಗ್ರಾಂ ತೊಗರಿಬೇಳೆ ಹಿಡಿಯುತ್ತದೆ ಎನ್ನಿ. 30 ದಿನಕ್ಕೆ 3 ಕಿಲೋ. ನೆಂಟರು ಬಂದರೆಂದು ಅರ್ಧ ಕಿಲೋ ಕೈಕಾವಲು ಸೇರಿಸಿದರೆ ಮೂರೂವರೆ ಕಿಲೋ. 28ನೇ ತಾರೀಕು ನೋಡಿದಾಗ ಡಬ್ಬಿಯಲ್ಲಿ 600 ಗ್ರಾಂ, ಶೆಲ್ಫಿನಲ್ಲಿ 1 ಕಿಲೋ ಇದೆ. ಆದರೆ ಒಂದನೇ ತಾರೀಕಿನೊಳಗೆ ಇನ್ನೂ ಮೂರು ದಿನದ 300 ಗ್ರಾಂ ಖರ್ಚಾಗಲಿದೆ. ಹಾಗಾಗಿ ಉಳಿಯುವುದು 1,300 ಗ್ರಾಂ, ತರಬೇಕಾದದ್ದು 2,200 ಗ್ರಾಂ. ಎರಡು ಕಿಲೋ ತಂದರೆ ಸಾಕು. ಕೊರತೆಯಾದ 200 ಗ್ರಾಂ ಕೈಕಾವಲಿನಿಂದ ತುಂಬುತ್ತದೆ. ಲೆಕ್ಕ ನೋಡದೆ ಪ್ರತಿಸಲದಂತೆ ಮೂರು ಕಿಲೋ ತಂದಿದ್ದರೆ ಒಂದು ಕಿಲೋ ಹೆಚ್ಚಾಗುತ್ತಿತ್ತು.

ಅದೇ ಮನೆಗೆ ತಿಂಗಳಿಗೆ 1 ಕಿಲೋ ರವೆ ಸಾಕು, ಇರುವುದು ಒಂದೂಕಾಲು ಕಿಲೋ ಎಂದುಕೊಳ್ಳಿ. ಆಗ ಮೂರನೆಯ ಸಾಲನ್ನು ಖಾಲಿ ಬಿಡದೆ ‘ಬೇಡ’ ಎಂದೇ ಬರೆಯಿರಿ. ಖಾಲಿ ಜಾಗ ಕಂಡರೆ, ಬರೆಯಲು ಮರೆತಿರಬೇಕು ಎಂದು ಅಂಗಡಿಗೆ ಹೋದವರು ಒಂದು ಪೊಟ್ಟಣ ತಂದೇಬಿಡುತ್ತಾರೆ.

ಸಾಸಿವೆ, ಮೆಂತ್ಯ, ಇಂಗಿಗೆ ಇಷ್ಟು ಲೆಕ್ಕ ಬೇಡ. ಅವು ಚಿಟಿಕೆಯಲ್ಲಿ ಖರ್ಚಾಗುವಂಥವು. ಡಬ್ಬಿಯ ತಳ ಕಾಣುವ ಹೊತ್ತಿಗೆ ಚೀಟಿಗೆ ಸೇರಿಸಿದರಾಯಿತು. ಹಬ್ಬದ ತಿಂಗಳಲ್ಲಿ ಮಾತ್ರ ಹೋಳಿಗೆಯ ಬೇಳೆ, ಬೆಲ್ಲವನ್ನು ಬೇರೆಯಾಗಿ ಬರೆಯಬೇಕು. ಇಲ್ಲದಿದ್ದರೆ ಮುಂದಿನ ತಿಂಗಳೂ ಅಷ್ಟೇ ಬೇಕೆಂಬ ತಪ್ಪು ಅಂದಾಜು ಉಳಿದುಬಿಡುತ್ತದೆ.

ಸಾಮಾನು ಬಂದ ಮೇಲೆ ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ತಳದ ರವೆ ತಿಂಗಳುಗಟ್ಟಲೆ ಅಲ್ಲೇ ಉಳಿದು ಬಲೆ ಕಟ್ಟಿದಂತೆ ಅಂಟಿಕೊಂಡರೆ ಹುಳು ಹಿಡಿದಿದೆ ಎಂದರ್ಥ. ಮೇಲೆ ಸುರಿದದ್ದೂ ಕೆಡುತ್ತದೆ. ಹಳೆಯದನ್ನು ತಟ್ಟೆಗೆ ತೆಗೆದು, ಡಬ್ಬಿ ಒರೆಸಿ, ಹೊಸದನ್ನು ಕೆಳಗೆ ಹಾಕಿ ಹಳೆಯದನ್ನು ಮೇಲಿಡಿ. ಈ ತಿಂಗಳ ಚೀಟಿಯನ್ನು ಎಸೆಯದೆ ಡಬ್ಬಿಗಳ ಪಕ್ಕದಲ್ಲೇ ಸಿಕ್ಕಿಸಿಡಿ. ಮುಂದಿನ 28ಕ್ಕೆ ‘ಬೇಕು’ ಸಾಲನ್ನು ಮತ್ತೆ ಬರೆಯುವ ಕೆಲಸ ಇರುವುದಿಲ್ಲ.