ಒಂದು ಮಿಡಿತಕ್ಕೆ ಎಷ್ಟು ಸೂಚನೆಗಳು?

ಗಣಕಯಂತ್ರದ ಪ್ರೊಸೆಸರ್ ತನ್ನ ಗಡಿಯಾರದ ಪ್ರತಿಯೊಂದು ಮಿಡಿತದಲ್ಲಿಯೂ ಒಂದೇ ಸೂಚನೆಯನ್ನು ನೆರವೇರಿಸಬೇಕೆಂಬ ನಿಯಮವೇನೂ ಇಲ್ಲ. ನಾಲ್ಕು, ಆರು ಅಥವಾ ಎಂಟು ಸೂಚನೆಗಳನ್ನು ಒಂದೇ ಮಿಡಿತದಲ್ಲಿ ಕಾರ್ಯಕ್ಕೆ ಬಿಡುವ ಯಂತ್ರಗಳು ಬಳಕೆಯಲ್ಲಿವೆ. ಹೀಗೆ ಒಟ್ಟಿಗೆ ಬಿಡಬಹುದಾದ ಸೂಚನೆಗಳ ಗರಿಷ್ಠ ಸಂಖ್ಯೆಯನ್ನು ಆ ಯಂತ್ರದ ಅಗಲವೆನ್ನೋಣ. ಅಗಲವು ಇಮ್ಮಡಿಯಾದರೆ ವೇಗವೂ ಇಮ್ಮಡಿಯಾಗಬೇಕಷ್ಟೆ ಎಂದು ಯಾರಿಗಾದರೂ ತೋರುವುದು ಸಹಜ. ಹಾಗೇಕೆ ಆಗುವುದಿಲ್ಲವೆಂಬುದನ್ನು ಈ ಚಿಕ್ಕ ಉದಾಹರಣೆಯಿಂದ ತಿಳಿಯಬಹುದು.

```
1  a = load p
2  b = a + 5
3  c = load q
4  d = c + 5
5  e = b * d
6  store e, r
```

ಇಲ್ಲಿ `load` ಎಂದರೆ ಸ್ಮೃತಿಕೋಶದಿಂದ ಸಂಖ್ಯೆಯೊಂದನ್ನು ತರುವುದು. `store` ಎಂದರೆ ಅಲ್ಲಿಗೆ ಒಯ್ದು ಇಡುವುದು. ಪ್ರತಿಯೊಂದು ಕೆಲಸಕ್ಕೂ ಒಂದೇ ಮಿಡಿತ ಸಾಕೆಂದು ಸದ್ಯಕ್ಕೆ ಭಾವಿಸೋಣ. ಮೊದಲನೆಯ ಮಿಡಿತದಲ್ಲಿ 1 ಮತ್ತು 3ನೆಯ ಸೂಚನೆಗಳು, ಎರಡನೆಯದರಲ್ಲಿ 2 ಮತ್ತು 4, ಮೂರನೆಯದರಲ್ಲಿ 5, ನಾಲ್ಕನೆಯದರಲ್ಲಿ 6 ನಡೆಯುತ್ತವೆ. ಆರು ಸೂಚನೆಗಳಿಗೆ ನಾಲ್ಕು ಮಿಡಿತಗಳಾದುವು. ಅಂದರೆ ಮಿಡಿತಕ್ಕೆ ಸರಾಸರಿ 1.5 ಸೂಚನೆ. ಯಂತ್ರದ ಅಗಲ ಆರಿರಲಿ, ಅರವತ್ತಿರಲಿ, ಈ ಲೆಕ್ಕ ಬದಲಾಗದು. ಪಂಕ್ತಿಗೆ ಬಡಿಸಲು ಎಷ್ಟು ಮಂದಿ ನಿಂತರೇನು, ಅನ್ನ ಬೆಂದಲ್ಲದೆ ಬಡಿಸಲಾಗದು. 1991ರಲ್ಲಿ ಡೇವಿಡ್ ವಾಲ್ ಎಂಬ ಸಂಶೋಧಕರು ಅನೇಕ ಪ್ರೋಗ್ರಾಮುಗಳನ್ನು ಪರೀಕ್ಷಿಸಿ, ಬಗೆಬಗೆಯ ಉಪಾಯಗಳನ್ನು ಹೂಡಿದರೂ ಈ ಸರಾಸರಿಯು 7ನ್ನು ಮೀರುವುದು ವಿರಳವೆಂದೂ, 5ರ ಆಸುಪಾಸು ಸಾಮಾನ್ಯವೆಂದೂ ತೋರಿಸಿದರು.

ಹಾಗಾದರೆ ಯಾವ ಸೂಚನೆಗಳು ಒಟ್ಟಿಗೆ ನಡೆಯಬಲ್ಲವೆಂದು ನಿರ್ಧರಿಸುವವರು ಯಾರು? ಸೂಪರ್‌ಸ್ಕೇಲರ್ ಯಂತ್ರದಲ್ಲಿ ಈ ಭಾರವನ್ನು ವಿದ್ಯುನ್ಮಂಡಲವೇ ಹೊರುತ್ತದೆ. ಒಂದು ಸೂಚನೆಯು ಬಳಸುವ ಎರಡು ಸಂಖ್ಯೆಗಳನ್ನು ಅದರ ಹಿಂದಿನ ಸೂಚನೆಗಳು ಉಂಟುಮಾಡುತ್ತಿವೆಯೇ ಎಂದು ಪ್ರತಿ ಮಿಡಿತದಲ್ಲಿಯೂ ಹೋಲಿಸಿ ನೋಡಬೇಕು. ಅಗಲ ನಾಲ್ಕಾದರೆ 12 ಹೋಲಿಕೆಗಳು; ಎಂಟಾದರೆ 56. ಅಗಲ ಇಮ್ಮಡಿಯಾದಾಗ ಪರಿಶೀಲನೆಯ ಹೊರೆ ನಾಲ್ಕು ಮಡಿಗಿಂತಲೂ ಹೆಚ್ಚಾಯಿತು.

ಈ ಹೊರೆಯನ್ನು ಯಂತ್ರದಿಂದ ಇಳಿಸಿ, ಪ್ರೋಗ್ರಾಮನ್ನು ಯಂತ್ರಭಾಷೆಗೆ ತರುವ ಕಂಪೈಲರಿಗೆ ವಹಿಸಬೇಕೆಂಬುದು ಜೋಸೆಫ್ ಫಿಶರ್ ಅವರು ಯೇಲ್ ವಿಶ್ವವಿದ್ಯಾನಿಲಯದಲ್ಲಿ ರೂಪಿಸಿದ ವಿಚಾರ. ಅದನ್ನು ಅತಿ ದೀರ್ಘ ಸೂಚನಾಪದದ ವಿನ್ಯಾಸವೆನ್ನುತ್ತಾರೆ. ನಮ್ಮ ಉದಾಹರಣೆಯಲ್ಲಿ ಕಂಪೈಲರು ಮೇಲಿನ ನಾಲ್ಕು ಮಿಡಿತಗಳಿಗೆ ನಾಲ್ಕು ದೀರ್ಘ ಪದಗಳನ್ನು ಮುಂಚಿತವಾಗಿಯೇ ಬರೆದಿಡುತ್ತದೆ. ಯಂತ್ರವು ಪರಿಶೀಲಿಸದೆ ಅವನ್ನು ಪಾಲಿಸುತ್ತದೆ. ಪದವೊಂದರಲ್ಲಿ ಆರು ಸ್ಥಾನಗಳಿದ್ದರೆ ಒಟ್ಟು 24 ಸ್ಥಾನಗಳ ಪೈಕಿ 18 ಬರಿದಾಗಿಯೇ ಉಳಿಯುವುವು. ಆದಕಾರಣ ಇತರ ಭಾಗಗಳಿಂದ ಕೆಲಸಗಳನ್ನು ಹುಡುಕಿ ತಂದು ಅವನ್ನು ತುಂಬುವ ಜಾಣ್ಮೆ ಕಂಪೈಲರಿಗೆ ಬೇಕು.

ಆದರೆ ಎಂಥ ಜಾಣ ಕಂಪೈಲರಿಗೂ ಮೊದಲೇ ತಿಳಿಯದ ಸಂಗತಿಯೊಂದಿದೆ. `load` ಬಯಸಿದ ಸಂಖ್ಯೆಯು ಪ್ರೊಸೆಸರಿನ ಸಮೀಪದ ಕ್ಯಾಶ್ ಎಂಬ ಕಿರುಸ್ಮೃತಿಯಲ್ಲಿದ್ದರೆ ಕೆಲವೇ ಮಿಡಿತಗಳಲ್ಲಿ ಕೈಸೇರುತ್ತದೆ. ದೂರದ ಮುಖ್ಯ ಸ್ಮೃತಿಯಿಂದ ಬರಬೇಕಾದರೆ ನೂರಾರು ಮಿಡಿತಗಳೂ ಹಿಡಿಯಬಹುದು. `p`ಯಿಂದ ಬರಬೇಕಾದ ಸಂಖ್ಯೆ ನೂರು ಮಿಡಿತ ತಡವಾಯಿತೆನ್ನೋಣ. ಅದನ್ನು ಬಳಸುವ ಎರಡನೆಯ ಪದದ ಬಳಿ ಯಂತ್ರ ನಿಲ್ಲುತ್ತದೆ. ಆ ಸಂಖ್ಯೆಗೆ ಸಂಬಂಧವೇ ಇಲ್ಲದ ಕೆಲಸಗಳೂ ಮುಂದಿನ ಪದಗಳಲ್ಲಿ ಕಾಯುತ್ತ ಕೂರುವುವು. ಸೂಚನೆಗಳ ಕ್ರಮವನ್ನು ತಾನೇ ಬದಲಿಸಬಲ್ಲ ಸೂಪರ್‌ಸ್ಕೇಲರ್ ಯಂತ್ರವಾದರೋ 2ನೆಯ ಸೂಚನೆಯನ್ನು ಬದಿಗಿರಿಸಿ 4ನ್ನು ಮುಗಿಸುತ್ತದೆ. ಮುಂದಿನ ಸುತ್ತಿನ `load` ಅನ್ನೂ ಆ ಬಿಡುವಿನಲ್ಲಿಯೇ ಆರಂಭಿಸುತ್ತದೆ. ಅದೂ ತಡವಾದರೆ, ಎರಡು ವಿಳಂಬಗಳು ಒಂದರೊಳಗೊಂದು ಅಡಗಿಹೋಗುತ್ತವೆ.

`load` ಅನ್ನು ಬಹಳ ಮುಂಚೆಯೇ ಹೊರಡಿಸಬಾರದೇಕೆಂದು ವಾಚಕರು ಕೇಳಬಹುದು. ನಡುವೆ `store` ಒಂದಿದ್ದು, ಅದು ಅದೇ ಸ್ಥಳಕ್ಕೆ ಬರೆಯುವುದಾದರೆ ಹಳೆಯ ಸಂಖ್ಯೆ ಬಂದೀತು. ಇಂಟೆಲ್ ಮತ್ತು ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಗಳು ಜೊತೆಗೂಡಿ ರೂಪಿಸಿ 2001ರಲ್ಲಿ ಹೊರತಂದ ಇಟೇನಿಯಂ ಎಂಬ ಯಂತ್ರವು, ಇದೇ ತತ್ತ್ವವನ್ನು ಸುಧಾರಿಸಿ, ಮುಂಚಿತವಾಗಿ ತಂದು ಆಮೇಲೆ ಸರಿನೋಡುವ ವಿಶೇಷ ಸೂಚನೆಗಳನ್ನೇ ಒದಗಿಸಿತು. ಅದು ಮಿಡಿತಕ್ಕೆ ಆರು ಸೂಚನೆಗಳನ್ನು ಬಿಡಬಲ್ಲುದಾಗಿತ್ತು. ಆದರೂ ಸಾಮಾನ್ಯ ಪ್ರೋಗ್ರಾಮುಗಳಲ್ಲಿನ ಅನಿಶ್ಚಿತ ವಿಳಂಬಗಳನ್ನು ಕಂಪೈಲರು ಪೂರ್ತಿಯಾಗಿ ಮುಚ್ಚಲಾರದೆ ಹೋಯಿತು. 2021ರಲ್ಲಿ ಆ ಪ್ರೊಸೆಸರುಗಳ ಸರಬರಾಜು ನಿಂತಿತು.

ಧ್ವನಿ ಮತ್ತು ಸಂಕೇತಗಳನ್ನು ಸಂಸ್ಕರಿಸುವ ಯಂತ್ರಗಳಲ್ಲಿ ಮಾತ್ರ ಈ ವಿನ್ಯಾಸ ಚೆನ್ನಾಗಿ ನೆಲೆಯೂರಿತು. 1997ರಲ್ಲಿ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಸಿ6000 ವರ್ಗವು ಮಿಡಿತಕ್ಕೆ ಎಂಟು ಸೂಚನೆಗಳನ್ನು ಬಿಡುತ್ತದೆ. ಅಲ್ಲಿಯ ಕೆಲಸವು ಹೆಚ್ಚಾಗಿ ಒಂದೇ ಬಗೆಯ ಸುತ್ತುಗಳ ಪುನರಾವರ್ತನೆ. ಬೇಕಾದ ಸಂಖ್ಯೆಗಳನ್ನು ಮೊದಲೇ ಹತ್ತಿರ ತಂದಿರಿಸಿಕೊಳ್ಳಬಹುದು. ಕಾಲವಿಳಂಬವು ಮುಂಚಿತವಾಗಿ ತಿಳಿದಿರುವಲ್ಲಿ ಕಂಪೈಲರಿನ ಯೋಜನೆ ಫಲಿಸುತ್ತದೆ. ಕೆಲಸ ನಡೆಯುವಾಗಲಷ್ಟೇ ತಿಳಿಯುವಲ್ಲಿ ಯಂತ್ರವೇ ನಿರ್ಧರಿಸಬೇಕಾಗುತ್ತದೆ.