ಕಂಪ್ಯೂಟರಿನೊಳಗಿನ ಲೋಲಕ

ದಾರಕ್ಕೆ ಗುಂಡನ್ನು ಕಟ್ಟಿ ತೂಗುಬಿಡುವ ಲೋಲಕದ ಪ್ರಯೋಗ ನಮಗೆಲ್ಲ ಪರಿಚಿತ. ಅದನ್ನೇ ಕಂಪ್ಯೂಟರಿನಲ್ಲಿ ಮಾಡುವಾಗ ದಾರವೂ ಇಲ್ಲ, ಗುಂಡೂ ಇಲ್ಲ; ಇರುವುದೆಲ್ಲ ಲೆಕ್ಕ. ಹೋದ ವರ್ಷ ನಾನು ಹೀಗೆ 0.1 ರೇಡಿಯನ್ ಕೋನದಿಂದ ಬಿಟ್ಟ ಲೋಲಕವು ಹತ್ತು ಸೆಕೆಂಡು ಕಳೆಯುವಷ್ಟರಲ್ಲಿ 0.16ರವರೆಗೆ ಏರತೊಡಗಿತು. ರೆಕಾರ್ಡಿನಲ್ಲಿ ನಾನು ಧೈರ್ಯವಾಗಿ "ಗಾಳಿಯ ಘರ್ಷಣೆಯಿಂದ ಆದ ದೋಷ" ಎಂದು ಬರೆದೆ! ಅಧ್ಯಾಪಕರು ಕೆಂಪು ಶಾಯಿಯಲ್ಲಿ ಎರಡು ಪ್ರಶ್ನೆ ಬರೆದು ಪುಸ್ತಕವನ್ನು ಹಿಂತಿರುಗಿಸಿದರು: "ನಿನ್ನ ಸಮೀಕರಣದಲ್ಲಿ ಗಾಳಿ ಎಲ್ಲಿದೆ? ಘರ್ಷಣೆಯಿಂದ ತೂಗಾಟ ಹೆಚ್ಚುತ್ತದೆಯೆ?"

ನಾನು ಮಾದರಿಯನ್ನು ಬರೆದೇ ಇರಲಿಲ್ಲ. ಬರೆದಿದ್ದರೆ ಗಾಳಿಯ ಮಾತೇ ಬರುತ್ತಿರಲಿಲ್ಲ. ಆದ್ದರಿಂದ ಎರಡನೆಯ ಸಲ ಮೊದಲು ಅದನ್ನೇ ಬರೆದೆ: ತೂಕವಿಲ್ಲದ, ಹಿಗ್ಗದ ದಾರ, ಬಿಂದುವಿನಂಥ ಗುಂಡು, ಗಾಳಿಯಿಲ್ಲ, ವೇಗೋತ್ಕರ್ಷವು −(g/L) sin θ.

ಅನಂತರ ಬೆಲೆಗಳು, ಏಕಮಾನ ಸಹಿತ. ಉದ್ದ 1 ಮೀಟರು. g ಗೆ ಪುಸ್ತಕದ 9.81 ಅನ್ನು ಹಾಕುವುದು ವಾಡಿಕೆ. ಆದರೆ ನಮ್ಮ ಹೆಬ್ಬಾಳವು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ 9.78 ಸರಿ. ವ್ಯತ್ಯಾಸ ಅಲ್ಪವೆಂದು ತೋರಬಹುದು, ಆದರೆ ನೂರು ತೂಗಾಟಗಳಲ್ಲಿ ಅದು 0.3 ಸೆಕೆಂಡಾಗುತ್ತದೆ. ನಿಜವಾದ ಲೋಲಕದೊಡನೆ ಹೋಲಿಸುವವರಿಗೆ ಇದು ಬೇಕು. ಕಂಪ್ಯೂಟರು ಕಾಲವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಕತ್ತರಿಸಿ ಲೆಕ್ಕ ಮಾಡುವುದರಿಂದ, ಆ ಹೆಜ್ಜೆ dt ಯನ್ನೂ ಬರೆಯಬೇಕು. ನನ್ನದು 0.01 ಸೆಕೆಂಡು.

ಇನ್ನು ಕೋಡು. ಪೈಥಾನಿನಲ್ಲಿ ನಾನು ಬರೆದದ್ದು ಇಷ್ಟೇ:

```
from math import sin
g, L, dt = 9.78, 1.0, 0.01
th, w = 0.1, 0.0
for i in range(1000):
    a = -(g/L)*sin(th)
    th = th + w*dt
    w = w + a*dt
```

ಕಳ್ಳ ಅಡಗಿದ್ದುದು ಕೊನೆಯ ಎರಡು ಸಾಲುಗಳಲ್ಲಿ. ಇಲ್ಲಿ ಕೋನವು ಹಳೆಯ ವೇಗದಿಂದ ಮುಂದೆ ಸರಿಯುತ್ತದೆ. ಇದು ಆಯ್ಲರನ ವಿಧಾನ. ಲೋಲಕದ ಮಟ್ಟಿಗೆ ಇದು ಹೆಜ್ಜೆ ಹೆಜ್ಜೆಗೂ ಇಷ್ಟಿಷ್ಟು ಶಕ್ತಿಯನ್ನು ಸುಮ್ಮನೆ ಸೇರಿಸುತ್ತ ಹೋಗುತ್ತದೆ. ಆ ಎರಡು ಸಾಲುಗಳನ್ನು ಅದಲುಬದಲು ಮಾಡಿ, ಮೊದಲು ವೇಗವನ್ನು ತಿದ್ದಿ ಆ ಹೊಸ ವೇಗದಿಂದ ಕೋನವನ್ನು ಸರಿಸಿದೆ. ತೂಗಾಟ 0.1ರಲ್ಲಿಯೇ ನಿಂತಿತು. "ಆಯ್ಲರನ ವಿಧಾನವನ್ನು ಬಳಸಿದೆ" ಎಂದಷ್ಟೇ ಬರೆದು ಕೋಡನ್ನು ಬಿಟ್ಟವರ ರೆಕಾರ್ಡಿನಿಂದ, ಅವರು ಈ ಎರಡರಲ್ಲಿ ಯಾವುದನ್ನು ಮಾಡಿದರೆಂದು ತಿಳಿಯುವ ಬಗೆ ಹೇಗೆ?

ಇಂಥ ದೋಷವನ್ನು ಹಿಡಿಯಲು ಒಂದು ಸುಲಭ ಪರೀಕ್ಷೆಯಿದೆ. dt ಯನ್ನು ಹತ್ತರಲ್ಲೊಂದು ಪಾಲು ಮಾಡಿ, ಹೆಜ್ಜೆಗಳನ್ನು ಹತ್ತರಷ್ಟು ಹೆಚ್ಚಿಸಿ ಮತ್ತೆ ಓಡಿಸುವುದು. ನನ್ನ ಹಳೆಯ ಕೋಡಿನಲ್ಲಿ 0.16 ಇದ್ದದ್ದು ಆಗ 0.105ಕ್ಕೆ ಇಳಿಯಿತು. ಪ್ರಕೃತಿಗೆ ನನ್ನ dt ಯ ಸುದ್ದಿಯೇ ಗೊತ್ತಿಲ್ಲ; ಆದ್ದರಿಂದ dt ಯೊಡನೆ ಬದಲಾಗುವ ಏರಿಕೆ ಲೋಲಕದ್ದಲ್ಲ, ಲೆಕ್ಕದ್ದು. ಎರಡೂ ಓಟಗಳ ಅಂಕಿಗಳನ್ನು ಒಂದೇ ಪುಟದಲ್ಲಿ ಬರೆದು, ಗಾಳಿಯ ಸಾಲನ್ನು ಹೊಡೆದುಹಾಕಿ, ರೆಕಾರ್ಡನ್ನು ಮತ್ತೆ ಒಪ್ಪಿಸಿದೆ.